ಅಡ್ವಾನ್ಸ್‌ನಲ್ಲಿ ಹಣ ಹಿಡಿದುಕೊಂಡರೆ ಓನರ್‌ಗೆ ಹೀಗೆ ಪತ್ರ ಬರೆಯಿರಿ

ಮನೆ ಖಾಲಿ ಮಾಡಿದ ಮೇಲೆ ಅಡ್ವಾನ್ಸ್‌ನಲ್ಲಿ 25,400 ರೂಪಾಯಿ ಮುರಿದುಕೊಂಡಿದ್ದಾರೆ ಅಂದುಕೊಳ್ಳಿ: ಪೇಂಟಿಂಗ್ 18,000, ಗೀಸರ್ 6,500, ಅಡುಗೆಮನೆ ನಲ್ಲಿ 900. "ತುಂಬಾ ಜಾಸ್ತಿ ಆಯ್ತು ಸಾರ್" ಅಂತ ಒಟ್ಟಾರೆ ಬರೆದರೆ ಉತ್ತರವೇ ಬರುವುದಿಲ್ಲ. ಒಂದೊಂದು ವಸ್ತುವಿಗೂ ಬೇರೆ ಪ್ಯಾರಾ ಇರಲಿ: ಬಂದಾಗ ಹೇಗಿತ್ತು, ಬಿಟ್ಟಾಗ ಹೇಗಿತ್ತು, ಫೋಟೋ ಯಾವುದು.

ನಲ್ಲಿಯ ಹಿಡಿ ನಿಮ್ಮ ಕೈಯಲ್ಲೇ ಮುರಿದಿದ್ದರೆ 900 ಒಪ್ಪಿಕೊಂಡುಬಿಡಿ. ಉಳಿದ ಮಾತಿಗೆ ತೂಕ ಬರುವುದು ಅದರಿಂದಲೇ.

ಗೀಸರ್ ವಿಷಯ ಬೇರೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕಾಯಿಲ್ ಸುಟ್ಟರೆ ಅದು ಬಳಕೆಯ ಸವೆತ. ಸ್ವತ್ತು ವರ್ಗಾವಣೆ ಕಾಯ್ದೆ, 1882ರ 108ನೇ ಕಲಂ ಸಹಜ ಸವೆತವನ್ನು ಬಾಡಿಗೆದಾರನ ಹೊಣೆಯಿಂದ ಹೊರಗಿಟ್ಟಿದೆ, ಹಾಗಂತಲೇ ಬರೆಯಿರಿ. ಕಾಯಿಲ್ ಮಾತ್ರ ಬದಲಿಸಿದರೋ, ಹೊಸ ಗೀಸರ್ ಹಾಕಿಸಿದರೋ ಎಂದು ಬಿಲ್ ಕೇಳಿ.

ಪೇಂಟಿಂಗ್‌ಗೆ ಮೊದಲು ಅಗ್ರಿಮೆಂಟ್ ತೆಗೆದು ನೋಡಿ. "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ" ಅಂತ ಸಹಿ ಹಾಕಿದ್ದರೆ ವಾದ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಇಲ್ಲದಿದ್ದರೆ, ಮಾಸಿದ ಗೋಡೆಯೂ ಸವೆತವೇ.

ಕೊನೆಗೆ ಲೆಕ್ಕ: ಒಪ್ಪಿದ್ದು 900, ವಾಪಸ್ ಬರಬೇಕಾದ್ದು 24,500, 15 ದಿನದೊಳಗೆ. ವಾಟ್ಸಾಪ್‌ನಲ್ಲೂ ಹಾಕಿ, ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಲ್ಲೂ ಕಳಿಸಿ, ರಸೀದಿ ಜೋಪಾನವಾಗಿಡಿ.