ಹಾಳೆ ತಟ್ಟೆಯ ಲೆಕ್ಕ ಏಪ್ರಿಲ್‌ಗೆ ನಿಲ್ಲುವುದಿಲ್ಲ

ಬದಿಯಡ್ಕದ ಹತ್ತಿರ ನನ್ನದೊಂದು ಅಡಿಕೆ ಹಾಳೆ ತಟ್ಟೆಯ ಯೂನಿಟ್ ಇದೆ. ಪೆರ್ಲದ ಕಡೆ ಇದೇ ಕೆಲಸ ಶುರು ಮಾಡಿದ ಪರಿಚಯದ ಹುಡುಗನೊಬ್ಬ ಕೇಳಿದ: "ಅಣ್ಣ, ವರ್ಷಕ್ಕೊಂದು ಬಜೆಟ್ ಬರೆದಿಟ್ಟರೆ ಸಾಲದಾ? ತಿಂಗಳು ತಿಂಗಳು ಯಾಕೆ ತಿದ್ದುವುದು?" ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಆದರೆ ಹಾಳೆ ಎಷ್ಟು ಕೊಳ್ಳಬೇಕೆಂದು ನೋಡುವುದು ತಿಂಗಳು ತಿಂಗಳು ತಿದ್ದುವ ಅಂದಾಜಿನಲ್ಲಿ, ಅಂದರೆ ರೋಲಿಂಗ್ ಫೋರ್‌ಕಾಸ್ಟ್‌ನಲ್ಲಿ ಮಾತ್ರ.

ಕಾರಣ ನಮ್ಮ ಹಂಗಾಮು. ಒಳ್ಳೆಯ ಒಣ ಹಾಳೆ ಸಿಗುವುದು ಬೇಸಗೆಯಲ್ಲಿ. ಮಳೆ ಹಿಡಿದರೆ ತೋಟದಲ್ಲಿ ಬಿದ್ದ ಹಾಳೆಗೆ ಬೂಷ್ಟು ಬರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾದದ್ದನ್ನು ಫೆಬ್ರವರಿಯಿಂದ ಮೇ ಒಳಗೆ ಕೊಂಡು, ಒಣಗಿಸಿ, ಶೆಡ್‌ನಲ್ಲಿ ಅಟ್ಟಿ ಹಾಕಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬಜೆಟ್ ಈ ಖರೀದಿಯನ್ನು ನಡುವೆಯೇ ಕತ್ತರಿಸುತ್ತದೆ. ಫೆಬ್ರವರಿಯ ಹಾಳೆ ಹಳೆಯ ವರ್ಷದ ಖರ್ಚಾದರೆ ಅದರಿಂದಾಗುವ ತಟ್ಟೆ ಹೊಸ ವರ್ಷದ ಆದಾಯ. ಜನವರಿ ಕೊನೆಯಲ್ಲಿ ಖರೀದಿ ತೀರ್ಮಾನಿಸಲು ಕೂತರೆ ಆ ಬಜೆಟ್‌ನಲ್ಲಿ ಉಳಿದಿರುವುದು ಎರಡೇ ತಿಂಗಳು. ಮಳೆಗಾಲದ ಮಾರಾಟ ಅದರಲ್ಲಿ ಇರುವುದೇ ಇಲ್ಲ.

ರೋಲಿಂಗ್ ಫೋರ್‌ಕಾಸ್ಟ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರತಿ ತಿಂಗಳ ಆರಂಭದಲ್ಲಿ ಮುಗಿದ ತಿಂಗಳನ್ನು ತೆಗೆದು ಕೊನೆಗೆ ಹೊಸದೊಂದನ್ನು ಸೇರಿಸುತ್ತೇನೆ, ಮುಂದಿನ 12 ತಿಂಗಳು ಯಾವಾಗಲೂ ಕಣ್ಣೆದುರು ಇರುತ್ತದೆ. ಹತ್ತಿರದ ಮೂರು ತಿಂಗಳನ್ನು ಕೈಯಲ್ಲಿರುವ ಆರ್ಡರ್ ನೋಡಿ ಬರೆಯುತ್ತೇನೆ. ಉಳಿದ ಒಂಬತ್ತಕ್ಕೆ ಕಳೆದ ವರ್ಷದ ಅದೇ ತಿಂಗಳನ್ನು ಹಿಡಿದು ದಪ್ಪ ಅಂದಾಜು ಸಾಕು. ಮೊದಲು ಬರೆಯುವುದು ರೂಪಾಯಿಯಲ್ಲ, ತಟ್ಟೆಯ ಸಂಖ್ಯೆ. ಒಂದು ಹಾಳೆಗೆ ಸರಾಸರಿ ಎರಡು ತಟ್ಟೆ, ಹರಿದು ಹಾಳಾಗುವುದು ನೂರಕ್ಕೆ ಹತ್ತು ಎಂದು ಹಿಡಿದರೆ, ಬೇಕಾದ ಹಾಳೆಯ ಸೂತ್ರ ಇಷ್ಟೇ (B2 ಎಂದರೆ ತಟ್ಟೆಯ ಸಂಖ್ಯೆ):

```
=B2/2/0.9
```

ಇನ್ನೊಂದು ಸಾಲು ಬಹಳ ಮುಖ್ಯ: ಮಾರಿದ ತಿಂಗಳಲ್ಲ, ಹಣ ಕೈಗೆ ಬರುವ ತಿಂಗಳು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಮದುವೆ, ಕೋಲ, ಊಟಗಳ ಭರಾಟೆ. ಮಾರಾಟ ಅತಿ ಹೆಚ್ಚಿರುವುದು ಆಗಲೇ. ಆದರೆ ಆ ಬಿಲ್ಲಿನ ಹಣ ಬರುವುದು ಜೂನ್, ಜುಲೈಯಲ್ಲಿ. ಹಾಳೆಯವನಿಗೆ ಮಾತ್ರ ಕೂಡಲೇ ಕೊಡಬೇಕು. ವರ್ಷದ ಮೊತ್ತ ನೋಡಿದರೆ ಲಾಭ ಕಾಣುತ್ತದೆ, ಮೇ ಕೊನೆಯಲ್ಲಿ ಖಾತೆ ಬರಿದಾಗುವುದು ಕಾಣುವುದಿಲ್ಲ.

2025ರ ಮೇಯಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಯ ಆಮದಿಗೆ ತಡೆಯೊಡ್ಡಿತು. ಮಳೆಗಾಲಕ್ಕೆ ನಾನು ತಿಂಗಳಿಗೆ 25,000 ತಟ್ಟೆ ಹಿಡಿದಿದ್ದೆ. ನಾಲ್ಕು ತಿಂಗಳಿಗೆ ಸುಮಾರು 56,000 ಹಾಳೆ. ಅದರಲ್ಲಿ ತಿಂಗಳಿಗೆ 10,000 ತಟ್ಟೆ ರಫ್ತು ಮಾಡುವವರೊಬ್ಬರಿಗೆ ಹೋಗಬೇಕಿತ್ತು, ಆ ಆರ್ಡರ್ ನಿಂತಿತು. ತಿಂಗಳಿಗೆ 15,000 ಎಂದು ತಿದ್ದಿದಾಗ ಬೇಕಾದದ್ದು ಸುಮಾರು 33,000 ಹಾಳೆ, ಶೆಡ್‌ನಲ್ಲಿ ಆಗಲೇ 45,000 ಇತ್ತು. ಬರಬೇಕಿದ್ದ 11,000 ಹಾಳೆ ಬೇಡವೆಂದೆ. ಹಾಳೆಗೆ ಮೂರು ರೂಪಾಯಿಯಂತೆ 33,000 ರೂಪಾಯಿ ಉಳಿಯಿತು, ಅದೂ ಕೈ ಅತ್ಯಂತ ಬಿಗಿಯಾಗಿದ್ದ ಹೊತ್ತಿನಲ್ಲಿ. ಮಿಕ್ಕ 12,000 ಹಾಳೆಯನ್ನು ಅಕ್ಟೋಬರ್, ನವೆಂಬರ್‌ನ ಸಾಲಿಗೆ ಸರಿಸಿದೆ. ಕಡಿಮೆಯಾದ 40,000 ತಟ್ಟೆ ಎಂದರೆ ಎರಡೂವರೆ ರೂಪಾಯಿಯಂತೆ ಒಂದು ಲಕ್ಷ ರೂಪಾಯಿ ಬರುವುದಿಲ್ಲ. ಆ ಸಾಲು ಕಂಡ ಮೇಲೆ ಆಗಸ್ಟ್‌ನಲ್ಲಿ ಕೊಳ್ಳಬೇಕಿದ್ದ ಹೊಸ ಅಚ್ಚನ್ನು ಮುಂದೆ ಹಾಕಿದೆ. ಅಮೆರಿಕ ಹೀಗೆ ಮಾಡುತ್ತದೆಂದು ಯಾವ ಫೋರ್‌ಕಾಸ್ಟೂ ಹೇಳಲಾರದು. ಸುದ್ದಿ ಬಂದ ಮೇಲೆ ಅದು ಯಾವ ತಿಂಗಳಲ್ಲಿ, ಎಷ್ಟು ಕಚ್ಚುತ್ತದೆ ಎಂದು ತೋರಿಸುತ್ತದೆ. ಮಾರ್ಚ್‌ನಲ್ಲಿ ಬರೆದ ಬಜೆಟ್‌ನಲ್ಲಿ ಅಚ್ಚು ಆಗಸ್ಟ್‌ನಲ್ಲೇ ಇತ್ತು.

ಹಾಗೆಂದು ವಾರ್ಷಿಕ ಬಜೆಟ್ ಬಿಟ್ಟಿಲ್ಲ. ದುಡಿಮೆ ಬಂಡವಾಳದ ಸಾಲ ನವೀಕರಿಸುವಾಗ ಬ್ಯಾಂಕ್ ವರ್ಷದ ಅಂದಾಜನ್ನೇ ಕೇಳುತ್ತದೆ. ರಿಪೇರಿ, ಹೊಸ ಯಂತ್ರದಂಥ ಖರ್ಚಿಗೆ ಇಷ್ಟೇ ಎಂಬ ಗೆರೆಯೂ ಬೇಕು. ಬಜೆಟ್ ಗುರಿ, ಫೋರ್‌ಕಾಸ್ಟ್ ಅಂದಾಜು. ಎರಡನ್ನೂ ಒಂದೇ ಶೀಟ್‌ನಲ್ಲಿ ಬೆರೆಸಬಾರದು. ಮಾರಾಟದ ಹುಡುಗನಿಗೆ ಫೋರ್‌ಕಾಸ್ಟನ್ನೇ ಗುರಿಯೆಂದು ಕೊಟ್ಟರೆ ಅವನು ಮುಂದಿನ ತಿಂಗಳಿಂದ ಸುಲಭವಾಗಿ ಮುಟ್ಟುವ ಸಂಖ್ಯೆಯನ್ನೇ ಹೇಳತೊಡಗುತ್ತಾನೆ, ನನ್ನ ಹಾಳೆ ಖರೀದಿ ಅಲ್ಲಿಗೆ ತಪ್ಪುತ್ತದೆ. ಬಾಡಿಗೆ, ಆದಾಯ ಎರಡೂ ತಿಂಗಳಿಂದ ತಿಂಗಳಿಗೆ ಹೆಚ್ಚು ಬದಲಾಗದ ಅಂಗಡಿಗೆ ವರ್ಷದ ಬಜೆಟ್ಟೇ ಸಾಕು, ಇಷ್ಟು ಶ್ರಮ ಬೇಕಿಲ್ಲ.

ತಿದ್ದುವಾಗ ಹಳೆಯ ಪ್ರತಿಯ ಮೇಲೆಯೇ ಬರೆಯಬೇಡಿ, ಪ್ರತಿ ತಿಂಗಳದ್ದನ್ನೂ ಬೇರೆ ಉಳಿಸಿ. ಮೂರು ತಿಂಗಳ ಹಿಂದೆ ಬರೆದ ಸಂಖ್ಯೆಯನ್ನು ನಿಜವಾದ ಮಾರಾಟದ ಪಕ್ಕ ಇಟ್ಟು ನೋಡಿ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದರೆ ಚಿಂತೆಯಿಲ್ಲ. ಸತತವಾಗಿ ಅಂದಾಜೇ ಹೆಚ್ಚಿದ್ದರೆ ನೀವು ಬರೆಯುತ್ತಿರುವುದು ಆಸೆಯನ್ನು. ಆಗ ಮುಂದಿನ ಹಾಳೆಯ ಆರ್ಡರ್ ಕೊಡುವ ಮೊದಲು ದೂರದ ತಿಂಗಳುಗಳನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಿ.