ಕರೆಂಟಿಲ್ಲದ ಮನೆಯಿಂದ ಹೊರಟ ಪೋಸ್ಟು

ಸಾಗರದ ಹತ್ತಿರ ನಮ್ಮ ಚಿಕ್ಕಮ್ಮ ತೋಟದ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದಾರೆ. ಹೋದ ತಿಂಗಳು ಅವರು ನಮ್ಮಲ್ಲಿಗೆ ಬಂದಾಗ ಮೊಬೈಲನ್ನು ನನ್ನ ಕೈಗಿಟ್ಟು, "ಒಂದ್ಸಲ ಹಾಕಿಟ್ರೆ ಪೋಸ್ಟು, ಉತ್ತರ ಎಲ್ಲ ಅದೇ ನೋಡ್ಕೊಳ್ಳುತ್ತಂತಲ್ಲ, ನಂಗೂ ಮಾಡ್ಕೊಡು ಮಾರಾಯ" ಅಂದರು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹೋಮ್‌ಸ್ಟೇಯ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರನ್ನೂ ಆರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಮಾಡಿಕೊಡುವ ಮೊದಲು ಅವರಿಗೆ ನಮ್ಮ ಒಂದು ಜುಲೈ ತಿಂಗಳ ಕಥೆ ಹೇಳಿದೆ.

ಆ ವರ್ಷ ಜೂನ್ ಕೊನೆಯಲ್ಲಿ ಸ್ವಲ್ಪ ಬಿಡುವಿತ್ತು. ಹದಿನೈದು ದಿನಕ್ಕೆ ಬೇಕಾದ ಪೋಸ್ಟುಗಳನ್ನೆಲ್ಲ ಒಟ್ಟಿಗೆ ಬರೆದು, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ಒಂದೇ ಕಡೆ ನೋಡಿಕೊಳ್ಳಲು ಮೆಟಾ ಕಂಪನಿ ಕೊಟ್ಟಿರುವ Meta Business Suite ತೆರೆದು, ಅದರ Planner ಒಳಗೆ ಒಂದೊಂದಕ್ಕೂ ದಿನ, ಗಂಟೆ ಕೊಟ್ಟು Schedule ಒತ್ತಿದ್ದೆ. ಎರಡನೇ ಶುಕ್ರವಾರದ್ದು ಹೀಗಿತ್ತು: "ಮಳೆಯ ಆಗುಂಬೆ ಈಗ ನೋಡಲು ಚಂದ. ಈ ವಾರಾಂತ್ಯ ಕೋಣೆ ಖಾಲಿ ಇದೆ, ಹೊರಟು ಬನ್ನಿ." ಆ ವಾರದ ಬುಧವಾರ ರಾತ್ರಿ ಬೀಸಿದ ಗಾಳಿಗೆ ನಮ್ಮ ರಸ್ತೆಗೆ ಮರ ಬಿತ್ತು, ಕಂಬ ಮುರಿಯಿತು. ಕರೆಂಟ್ ಹೋಯಿತು, ಮಾರನೇ ದಿನ ಟವರೂ ಹೋಯಿತು. ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯ ಒಂದು ಫೋನೂ ಕೆಲಸ ಮಾಡುತ್ತಿರಲಿಲ್ಲ. ಆದರೂ ಒಂಬತ್ತು ಗಂಟೆಗೆ ಸರಿಯಾಗಿ "ಹೊರಟು ಬನ್ನಿ" ಎಂಬ ಪೋಸ್ಟು ಹೊರಬಿದ್ದಿತ್ತು. ದಾವಣಗೆರೆಯ ಒಂದು ಕುಟುಂಬ ಅದನ್ನು ನೋಡಿ ವಾಟ್ಸಾಪ್ ಮಾಡಿ, ಉತ್ತರ ಬರದಿದ್ದರೂ ಪೋಸ್ಟನ್ನೇ ನಂಬಿ ಎರಡು ಮಕ್ಕಳ ಜೊತೆ ಹೊರಟುಬಿಟ್ಟಿತು. ತೀರ್ಥಹಳ್ಳಿ ದಾಟಿ ಸ್ವಲ್ಪ ದೂರ ಬಂದು, ರಸ್ತೆ ಇಲ್ಲದೆ ಆ ಮಳೆಯಲ್ಲೇ ಹಿಂದಿರುಗಿದರಂತೆ. ಶನಿವಾರ ಸಂಜೆ ನೆಟ್‌ವರ್ಕ್ ಬಂದ ಮೇಲೆ ಅವರ ಸಂದೇಶಗಳನ್ನು ಸಾಲಾಗಿ ಓದಿದಾಗ ನನ್ನ ಮೇಲೇ ನನಗೆ ಸಿಟ್ಟು ಬಂತು.

ಹೊಸಬರು ಮೊದಲು ತಿಳಿಯಬೇಕಾದದ್ದು ಇಲ್ಲೇ ಇದೆ. ಶೆಡ್ಯೂಲ್ ಮಾಡಿದ ಪೋಸ್ಟು ನಮ್ಮ ಫೋನಿನಲ್ಲಿ ಕಾದು ಕೂತಿರುವುದಿಲ್ಲ, ಮೆಟಾ ಕಂಪನಿಯ ಸರ್ವರ್‌ನಲ್ಲಿರುತ್ತದೆ. ನಮ್ಮ ಫೋನ್ ಸತ್ತರೂ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ Away message, ಅಂದರೆ ನಾವಿಲ್ಲದಾಗ ತಾನಾಗಿ ಹೋಗುವ ಉತ್ತರ, ಇದಕ್ಕೆ ಪೂರಾ ಉಲ್ಟಾ. ಫೋನಿಗೆ ಇಂಟರ್ನೆಟ್ ಇದ್ದರೆ ಮಾತ್ರ ಅದು ಹೋಗುತ್ತದೆ. ಹಾಗಾಗಿ ಮಲೆನಾಡಿನ ಮಳೆಗಾಲದಲ್ಲಿ ಕರೆಯುವ ಮಾತು ಹೊರಟುಹೋಗಿರುತ್ತದೆ, ತಡೆಯುವ ಮಾತು ಮನೆಯಲ್ಲೇ ಉಳಿದಿರುತ್ತದೆ.

ಅವತ್ತಿನಿಂದ ಶೆಡ್ಯೂಲ್ ಮಾಡುವ ಮೊದಲು ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಹಾಕುತ್ತೇನೆ: ಇದು ಹೊರಗೆ ಬೀಳುವ ದಿನ ಇಲ್ಲಿ ಏನೇ ಆಗಿದ್ದರೂ ಇದು ನಿಜವಾಗಿರುತ್ತದಾ? ಕೊಟ್ಟೆ ಕಡುಬು ಮಾಡುವ ಬಗೆ, ಅಡಿಕೆ ಸುಲಿಯುವುದರ ವಿಡಿಯೋ, ಶಿವಮೊಗ್ಗ ರೈಲು ನಿಲ್ದಾಣದಿಂದ ನಮ್ಮಲ್ಲಿಗೆ ಬರುವ ದಾರಿ, ಇವೆಲ್ಲ ಯಾವತ್ತು ಬಿದ್ದರೂ ಸುಳ್ಳಾಗುವುದಿಲ್ಲ, ಧೈರ್ಯವಾಗಿ ಹಾಕಿಡಬಹುದು. "ಈಗ", "ಇವತ್ತು", "ಈ ವಾರ", "ಖಾಲಿ ಇದೆ" ಎಂಬ ಮಾತು ಬಂದರೆ ಆ ಪೋಸ್ಟು ನನ್ನ ಕೈಯಲ್ಲೇ, ಅದೇ ದಿನ, ಹೊರಗೆ ಒಮ್ಮೆ ಕಣ್ಣು ಹಾಯಿಸಿದ ಮೇಲೆ ಹೋಗಬೇಕು. ಬೇಸಿಗೆಯಲ್ಲಿ ಎರಡು ವಾರದ್ದು ಹಾಕಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ದಿನಕ್ಕಿಂತ ಮುಂದಿನದು ಹಾಕುವುದಿಲ್ಲ.

ಇನ್ನೊಂದು ಏರ್ಪಾಡೂ ಮಾಡಿದೆ. ಶಿವಮೊಗ್ಗದಲ್ಲಿರುವ ನನ್ನ ತಮ್ಮನಿಗೆ ನಮ್ಮ ಪೇಜಿನ ಪ್ರವೇಶ ಕೊಟ್ಟಿದ್ದೇನೆ. ಪಾಸ್‌ವರ್ಡ್ ಹೇಳಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅವನನ್ನು ಸೇರಿಸಿದರೆ ಅವನದೇ ಲಾಗಿನ್‌ನಿಂದ ನಮ್ಮ ಪೋಸ್ಟುಗಳನ್ನು ನೋಡಬಹುದು, ಮುಂದೂಡಬಹುದು, ಅಳಿಸಬಹುದು. ಬೆಳಿಗ್ಗೆ ಏಳರೊಳಗೆ ನಮ್ಮ ಫೋನ್ ಸಿಗದಿದ್ದರೆ ಆ ದಿನದ ಪೋಸ್ಟನ್ನು ಅವನು ಮುಂದಕ್ಕೆ ಹಾಕುತ್ತಾನೆ. ಕೇಳುವುದೂ ಬೇಡ, ಕಾಯುವುದೂ ಬೇಡ.

ವಾಟ್ಸಾಪ್‌ಗೆ ಬಂದರೆ, Greeting message ಹೊಸಬರು ಮೊದಲ ಸಲ ಬರೆದಾಗ, ಇಲ್ಲವೇ ಹದಿನಾಲ್ಕು ದಿನ ಮಾತುಕತೆ ಇಲ್ಲದೆ ಮತ್ತೆ ಬರೆದಾಗ ತಾನಾಗಿ ಹೋಗುತ್ತದೆ. ನಮ್ಮದು ಇಷ್ಟೇ: "ನಮಸ್ಕಾರ. ಇದು ತಾನಾಗಿ ಬಂದ ಉತ್ತರ. ಯಾವ ದಿನ, ಎಷ್ಟು ಜನ ಎಂದು ಬರೆದಿಡಿ. ಕೋಣೆ ಇದೆಯೋ ಇಲ್ಲವೋ ನೋಡಿ ನಾವೇ ಹೇಳುತ್ತೇವೆ. ಅಲ್ಲಿಯವರೆಗೆ ಹಣ ಕಳಿಸಬೇಡಿ, ಹೊರಡಬೇಡಿ." ಕೊನೆಯ ವಾಕ್ಯ ಆ ಜುಲೈ ಆದ ಮೇಲೆ ಸೇರಿಸಿದ್ದು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ Away message ಇಟ್ಟಿದ್ದೇನೆ, ಅದೂ ನಮ್ಮ ಫೋನಿನಲ್ಲಿ ಹೆಸರು ಸೇವ್ ಆಗಿಲ್ಲದವರಿಗೆ ಮಾತ್ರ. ಇಲ್ಲದಿದ್ದರೆ ರಾತ್ರಿ ಹತ್ತಕ್ಕೆ ಮೆಸೇಜ್ ಮಾಡಿದ ಅತ್ತೆಗೂ "ನಮ್ಮ ಕಚೇರಿ ಸಮಯ" ಎಂದು ಹೋಗಿಬಿಡುತ್ತದೆ. ದಾರಿ, ಊಟ, ದರ, ಇವಕ್ಕೆ Quick replies ಮಾಡಿಟ್ಟುಕೊಂಡಿದ್ದೇನೆ. /ದಾರಿ ಎಂದು ಹೊಡೆದರೆ ಪೂರಾ ಉತ್ತರ ಬರುತ್ತದೆ, ಕಳಿಸುವುದು ನಾನೇ. ಹೊಸಬರಿಗೆ ಇದಕ್ಕಿಂತ ಸುರಕ್ಷಿತವಾದದ್ದು ನನಗೆ ಕಂಡಿಲ್ಲ. ಬರೆಯುವ ಶ್ರಮ ಉಳಿಯುತ್ತದೆ, ಓದುವ ಕೆಲಸ ಮಾತ್ರ ನಮ್ಮ ಹತ್ತಿರವೇ ಇರುತ್ತದೆ.

ಓದುವುದನ್ನೇ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಅನುಭವಿಸಿದ್ದೇನೆ. ಕಮೆಂಟಿನಲ್ಲಿ "ರೇಟ್" ಎಂಬ ಪದ ಕಂಡರೆ ದರಪಟ್ಟಿ ಕಳಿಸುವ ನಿಯಮ ಹಾಕಿದ್ದೆ. ಒಬ್ಬರು "ಬಿಸಿನೀರು ಬರಲಿಲ್ಲ, ರೇಟ್ ಮಾತ್ರ ಜಾಸ್ತಿ" ಎಂದು ಬರೆದರು. ಅವರಿಗೂ ದರಪಟ್ಟಿ ಹೋಯಿತು. ಅವರಿಗೆ ಅದು ಅವಮಾನದಂತೆ ಕಂಡಿತು, ಕಾಣಲೇಬೇಕು. ನಿಯಮಕ್ಕೆ ಸಿಕ್ಕಿದ್ದು ಒಂದು ಪದ, ಅವರು ಹೇಳಿದ್ದು ಒಂದು ದೂರು. ಆ ನಿಯಮ ಅವತ್ತೇ ತೆಗೆದೆ. ಅವರಿಗೆ ಫೋನ್ ಮಾಡಿದಾಗ ಗೊತ್ತಾಯಿತು, ಸೌದೆ ಹಸಿಯಾಗಿ ಹಂಡೆ ಕಾದಿರಲಿಲ್ಲ. ದೂರು, ರಿಯಾಯಿತಿ, ಕೋಣೆ ಖಚಿತ ಮಾಡುವುದು, ಹಣ ವಾಪಸು, ಈ ನಾಲ್ಕಕ್ಕೂ ತಾನಾಗಿ ಹೋಗುವ ಉತ್ತರವನ್ನು ಆಮೇಲೆ ಇಟ್ಟಿಲ್ಲ. ಪಾಸ್‌ವರ್ಡ್ ಕೇಳಿ, ತಾವೇ ಲೈಕ್, ಫಾಲೋ ಮಾಡಿಕೊಡುತ್ತೇವೆ ಎನ್ನುವ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ. ಖಾತೆಯೇ ಹೋಗಬಹುದು.

ಆಮೇಲೆ ಚಿಕ್ಕಮ್ಮ ಬರೆದಿಟ್ಟಿದ್ದ ಐದು ಪೋಸ್ಟುಗಳನ್ನು ಇಬ್ಬರೂ ಕೂತು ನೋಡಿದೆವು. ಮನೆಯ ಹಳೆಯ ಕಂಬಗಳ ಫೋಟೋ, ಅಪ್ಪೆಮಿಡಿ ಉಪ್ಪಿನಕಾಯಿ, ಸಾಗರದಿಂದ ಬರುವ ದಾರಿ, ಮೂರನ್ನೂ ದಿನ ಕೊಟ್ಟು ಹಾಕಿದೆವು. "ಶನಿವಾರ ಎರಡೂ ಕೋಣೆ ಖಾಲಿ" ಎಂಬುದನ್ನು ತೆಗೆಸಿದೆ. ಐದನೆಯದು "ಜೋಗ ಈಗ ತುಂಬಿ ಧುಮ್ಮಿಕ್ಕುತ್ತಿದೆ". ಅದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. "ಮಳೆಗಾಲ ಅಂದ್ಮೇಲೆ ತುಂಬೇ ತುಂಬುತ್ತಲ್ಲ?" ಅಂದರು. ಜೋಗದ ನೀರು ಮಳೆ ಒಂದನ್ನೇ ನಂಬಿಲ್ಲ, ಮೇಲೆ ಲಿಂಗನಮಕ್ಕಿ ಇದೆ ಅಂದೆ. ಅದರ ಪೂರ್ಣ ಮಟ್ಟ 1819 ಅಡಿ. ಅದರ ಹತ್ತಿರ ಬಂದು ಗೇಟು ತೆಗೆದಾಗ ಕಾಣುವ ಜೋಗವೇ ಬೇರೆ, ತೆಗೆಯದಿದ್ದಾಗ ಕಾಣುವುದೇ ಬೇರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅದನ್ನು ಡ್ರಾಫ್ಟ್‌ನಲ್ಲಿ ಉಳಿಸಿದರು. ಈಗ ದಿನಾ ಬೆಳಿಗ್ಗೆ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡುತ್ತಿದ್ದಾರೆ. ಪೋಸ್ಟು ಇನ್ನೂ ಹೋಗಿಲ್ಲ.