ಇಬ್ಬರ ಮಾತು, ಮೂರು ಕ್ಯಾಮೆರಾ

ತುಡುವೆ ಜೇನು ಸಾಕುವ ಹಿರಿಯರೊಬ್ಬರನ್ನು ಕೂರಿಸಿಕೊಂಡು ಪಾಡ್‌ಕಾಸ್ಟ್ ವಿಡಿಯೊ ಮಾಡಿದೆ. ಅವರ ಮುಖಕ್ಕೊಂದು ಕ್ಯಾಮೆರಾ, ನನ್ನ ಮುಖಕ್ಕೊಂದು, ಇಬ್ಬರೂ ಕಾಣುವ ಹಾಗೆ ಇನ್ನೊಂದು. ಮೂರನ್ನೂ ಮೇಜಿನ ಒಂದೇ ಬದಿಗೆ ಇಟ್ಟೆ. ಒಂದು ಆಚೆ ಬದಿಗೆ ಹೋದರೂ, ಕಟ್ ಮಾಡಿದಾಗ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ.

ಪ್ರಶ್ನೆಗಳನ್ನು ಪೂರ್ತಿ ಬರೆದುಕೊಳ್ಳಲಿಲ್ಲ. ಬರೆದರೆ ಓದೋ ಹಾಗೆ ಕೇಳಿಸುತ್ತದೆ. ಒಂದೇ ಹಾಳೆಯಲ್ಲಿ ಐದು ವಿಷಯ, ಪ್ರತಿಯೊಂದಕ್ಕೂ ಒಂದು ಸಾಲು. ಪಕ್ಕದಲ್ಲಿ ಯಾವ ಕ್ಯಾಮೆರಾ ಅಂತ ಗುರುತು. ‘ಪೆಟ್ಟಿಗೆ ಪಾಲು ಮಾಡುವುದು – ಅವರ ಮುಖ, ಕೈ ಎತ್ತಿದರೆ ಅಗಲ’. ಒಂದು ಪೆಟ್ಟಿಗೆಯ ಜೇನುಕುಟುಂಬವನ್ನು ಎರಡಾಗಿ ಪಾಲು ಮಾಡುವುದನ್ನು ವಿವರಿಸುವಾಗ ಅವರು ಎರಡೂ ಕೈಯಲ್ಲಿ ಎರಿ ಎತ್ತಿದ ಹಾಗೆ ತೋರಿಸುತ್ತಾರೆ. ಹತ್ತಿರದ ಶಾಟ್‌ನಲ್ಲಿ ಆ ಕೈಗಳೇ ಕಾಣಲ್ಲ.

ಜಾಸ್ತಿ ಕೆಲಸ ಕೊಡುವುದು ಮಾತಿನ ಮೇಲೆ ಮಾತು ಬೀಳುವುದು. ಇಬ್ಬರಿಗೂ ಬೇರೆ ಬೇರೆ ಮೈಕ್, ಬೇರೆ ಬೇರೆ ಟ್ರ್ಯಾಕ್ ಇದ್ದರೂ ನನ್ನ ದನಿ ಅವರ ಮೈಕ್‌ಗೂ ಅಷ್ಟಿಷ್ಟು ಹೋಗಿಯೇ ಹೋಗುತ್ತದೆ. ಅದಕ್ಕೇ ಮೈಕನ್ನು ಬಾಯಿಗೆ ಗೇಣುದ್ದದೊಳಗೆ ಇಟ್ಟು, ಎರಡು ಮೈಕ್‌ಗಳ ನಡುವೆ ಕಡಿಮೆ ಅಂದರೂ ಅದರ ಮೂರು ಪಟ್ಟು ಅಂತರ ಬಿಡುತ್ತೇನೆ. ಎಡಿಟ್‌ನಲ್ಲಿ ನನ್ನ ‘ಹೂಂ’, ‘ಹೌದಾ’ಗಳನ್ನು ಪೂರ್ತಿ ಅಳಿಸುವುದಿಲ್ಲ. ಅಳಿಸಿದರೆ ತುಟಿ ಆಡುತ್ತದೆ, ದನಿ ಇಲ್ಲ. ಅವರ ಮೈಕ್‌ಗೆ ಸೋರಿದ್ದು ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಉಳಿಯುತ್ತದೆ. ನನ್ನ ಟ್ರ್ಯಾಕನ್ನು ಅಲ್ಲಿ 10 ಡೆಸಿಬೆಲ್‌ನಷ್ಟು ತಗ್ಗಿಸಿದರೆ ಸಾಕು.

ಆದರೆ ಮುಖ್ಯವಾದ ಮಾತೇ ಮುಚ್ಚಿಹೋದರೆ ಎಡಿಟ್‌ನಿಂದ ಏನೂ ಆಗಲ್ಲ. ರಾಣಿಹುಳ ಯಾವ ಪಾಲಿನಲ್ಲಿ ಉಳಿಯಬೇಕು ಅಂತ ಅವರು ಹೇಳುವಾಗಲೇ ನಾನೂ ಬಾಯಿ ಹಾಕಿದ್ದೆ. ತಕ್ಷಣ ಸುಮ್ಮನಾದೆ. ಅವರ ಮಾತು ಮುಗಿಯಲು ಬಿಟ್ಟು, ಎರಡು ಸೆಕೆಂಡ್ ತಡೆದು, “ಸರ್, ರಾಣಿ ಯಾವ ಕಡೆ ಇರಬೇಕು ಅಂದ್ರಿ?” ಅಂದೆ. “ನೋಡಿ, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ” ಅಂತ ಮೊದಲಿಗಿಂತ ಚೆನ್ನಾಗಿ ಹೇಳಿದರು! ನಡುವಿನ ಆ ಮೌನ ಇದ್ದದ್ದರಿಂದ ಕತ್ತರಿಸುವುದೂ ಸಲೀಸಾಯಿತು.

ಕ್ಯಾಮೆರಾ ಬದಲಾಯಿಸುವುದಕ್ಕೆ ನನ್ನ ಲೆಕ್ಕ ಸರಳ. ಇಬ್ಬರೂ ಒಟ್ಟಿಗೆ ಮಾತಾಡಿದರೆ, ನಕ್ಕರೆ ಅಗಲದ ಶಾಟ್. ಯಾರ ಮುಖ ತೋರಿಸಬೇಕು ಅನ್ನುವ ಪ್ರಶ್ನೆಯೇ ಬರಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಮಾತು ದಾಟುವಾಗ, ಹೊಸ ದನಿಯ ಒಂದೆರಡು ಪದ ಕೇಳಿದ ಮೇಲೆ ಮುಖ ಬದಲಿಸುತ್ತೇನೆ. ನಾವು ಎದುರಿಗೆ ಕೂತು ಕೇಳುವಾಗಲೂ ದನಿ ಬಂದ ಮೇಲೇ ತಾನೇ ತಿರುಗಿ ನೋಡುವುದು? ‘ಹೂಂ’ಗೆಲ್ಲ ಕಟ್ ಮಾಡಿದರೆ ಟೇಬಲ್ ಟೆನಿಸ್ ನೋಡಿದ ಹಾಗಾಗುತ್ತದೆ. ಉದ್ದ ಉತ್ತರದ ನಡುವೆ ಎರಡು ವಾಕ್ಯ ತೆಗೆದಿದ್ದರೆ, ಆ ಜೋಡಣೆಯ ಮೇಲೆ ಕೇಳುತ್ತಿರುವ ನನ್ನ ಮುಖ ಹಾಕುತ್ತೇನೆ. ನನ್ನ ಬಾಯಿ ಮುಚ್ಚಿರುವ ತುಣುಕನ್ನೇ ಹುಡುಕಬೇಕು, ಅಷ್ಟೇ.

ಇನ್ನೊಂದು: ಕ್ಯಾಮೆರಾಗಳ ಚಿತ್ರವನ್ನೂ ಮೈಕ್‌ಗಳ ದನಿಯನ್ನೂ ಎಡಿಟ್‌ನಲ್ಲಿ ಹೊಂದಿಸಿಕೊಳ್ಳಲು ತಟ್ಟುವ ಚಪ್ಪಾಳೆಯನ್ನು ಶುರುವಿನಲ್ಲಿ ಮಾತ್ರ ತಟ್ಟಿದರೆ ಸಾಲದು, ಮುಗಿದಾಗಲೂ ತಟ್ಟಿ. ಫೋನ್ ಕ್ಯಾಮೆರಾಗಳಲ್ಲಿ ಹೊತ್ತು ಹೋದಂತೆ ತುಟಿ ಮತ್ತು ದನಿ ತಾಳ ತಪ್ಪುವುದುಂಟು. ಎಷ್ಟು ತಪ್ಪಿದೆ ಅಂತ ಕೊನೆಯ ಚಪ್ಪಾಳೆಯಲ್ಲಿ ಗೊತ್ತಾಗುತ್ತದೆ.